ಇಳಿಜಾರು ಮಣ್ಣು ಹೊತ್ತ ತಡೆಗೋಡೆ: ಆಕ್ಟಿವ್, ಪ್ಯಾಸಿವ್ ಒತ್ತಡದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರ, ಅಂಕೋಲಾ, ಕುಮಟಾ ಕಡೆ ಸಪಾಟು ಜಾಗ ಕಡಿಮೆ. ಸಮುದ್ರಕ್ಕೂ ಗುಡ್ಡಕ್ಕೂ ನಡುವೆ ಇರುವುದೇ ಒಂದು ಸಣ್ಣ ಪಟ್ಟಿ. ಮನೆ ಕಟ್ಟುವವರು ಗುಡ್ಡದ ಬುಡ ಕಡಿದು ಜಾಗ ಮಾಡಿಕೊಳ್ಳುತ್ತಾರೆ. ಶಿರಸಿ ಕಡೆ ಹೋದರೆ ಅಂಗಳದ ಹಿಂದೆಯೇ ಧರೆ, ಅಂದರೆ ಗುಡ್ಡದ ಏರು ಮಣ್ಣು. ಮೇ ತಿಂಗಳು ಬಂತೆಂದರೆ "ಧರೆಗೊಂದು ಗೋಡೆ ಕಟ್ಟಬೇಕು, ಎಷ್ಟು ದಪ್ಪ ಹಾಕೋಣ?" ಎಂಬ ಫೋನ್ ಶುರು. ದಪ್ಪ ಕೇಳುವ ಮೊದಲು ಗೋಡೆಯ ಹಿಂದಿನ ಮಣ್ಣು ಸಪಾಟಾಗಿದೆಯೋ ಏರಿಕೊಂಡು ಹೋಗಿದೆಯೋ ಎಂದು ನೋಡಬೇಕು. ನಮ್ಮಲ್ಲಿ ಹೆಚ್ಚಿನ ಕಡೆ ಏರಿಕೊಂಡೇ ಹೋಗಿರುತ್ತದೆ. ಇಲ್ಲಿರುವ ಪ್ರಶ್ನೆಗಳೆಲ್ಲ ಅಂಥ ಗೋಡೆಗಳ ಬಗ್ಗೆ. ಆರ್‌ಸಿಸಿ ಕ್ಯಾಂಟಿಲಿವರ್ ಗೋಡೆ, ಅಂದರೆ ಬದಿಯಿಂದ ನೋಡಿದರೆ ತಲೆಕೆಳಗಾದ ಇಂಗ್ಲಿಷ್ 'ಟಿ' ಅಕ್ಷರದ ಹಾಗೆ ಕಾಣುವ ಗೋಡೆಯನ್ನು ಮಾತ್ರ ತೆಗೆದುಕೊಂಡಿದ್ದೇನೆ. ಚಿರೆಕಲ್ಲಿನ ದಪ್ಪ ಗೋಡೆಯ ಲೆಕ್ಕ ಬೇರೆ.

ಆಕ್ಟಿವ್ ಒತ್ತಡ, ಪ್ಯಾಸಿವ್ ಒತ್ತಡ ಅಂದರೆ ಏನು? ಎರಡೂ ಮಣ್ಣಿನ ಒತ್ತಡವೇ ಅಲ್ವಾ?

ಹೌದು, ಮಣ್ಣು ಒಂದೇ. ಗೋಡೆ ಯಾವ ಕಡೆ ಸರಿಯುತ್ತದೆ ಎಂಬುದರ ಮೇಲೆ ಹೆಸರು ಬದಲಾಗುತ್ತದೆ.

ಮರಳಿನ ರಾಶಿಗೆ ಒಂದು ಹಲಗೆ ಆನಿಸಿ ಹಿಡಿದುಕೊಂಡಿದ್ದೀರಿ ಎಂದುಕೊಳ್ಳಿ. ಹಲಗೆಯನ್ನು ಚೂರೇ ಚೂರು ನಿಮ್ಮ ಕಡೆ ಬಿಟ್ಟರೆ ಮರಳು ಅದರ ಹಿಂದೆಯೇ ಜಾರಿ ಬರುತ್ತದೆ. ಜಾರುವಾಗ ಮರಳಿನ ಕಣಗಳ ನಡುವಿನ ತಿಕ್ಕಾಟ ಮರಳನ್ನೇ ಹಿಡಿದಿಡಲು ನೋಡುತ್ತದೆ. ಹಾಗಾಗಿ ನಿಮ್ಮ ಕೈಗೆ ಬರುವ ಭಾರ ಕಡಿಮೆಯಾಗಿ ಒಂದು ಮಟ್ಟಕ್ಕೆ ನಿಲ್ಲುತ್ತದೆ. ಇದು ಆಕ್ಟಿವ್ ಒತ್ತಡ. ಈಗ ಅದೇ ಹಲಗೆಯನ್ನು ರಾಶಿಯೊಳಕ್ಕೆ ಒತ್ತಿ ನೋಡಿ. ಅದೇ ತಿಕ್ಕಾಟ ಈಗ ನಿಮ್ಮ ವಿರುದ್ಧ ನಿಲ್ಲುತ್ತದೆ. ಮರಳನ್ನು ಎತ್ತಿ ಮೇಲೆ ತಳ್ಳಬೇಕಾಗುತ್ತದೆ, ಕೈ ಸೋಲುತ್ತದೆ. ಇದು ಪ್ಯಾಸಿವ್ ಒತ್ತಡ.

ತಡೆಗೋಡೆಯಲ್ಲಿ ಎರಡೂ ಒಟ್ಟಿಗೇ ಇರುತ್ತವೆ. ಹಿಂದಿನ ಮಣ್ಣು ತಳ್ಳುತ್ತದೆ, ಗೋಡೆ ಮುಂದೆ ವಾಲುತ್ತದೆ: ಅಲ್ಲಿ ಆಕ್ಟಿವ್. ಗೋಡೆಯ ಬುಡ ಮುಂದಿನ ಮಣ್ಣಿಗೆ ಒತ್ತುತ್ತದೆ: ಅಲ್ಲಿ ಪ್ಯಾಸಿವ್. ಆಂತರಿಕ ತಿಕ್ಕಾಟದ ಕೋನ 30 ಡಿಗ್ರಿ ಇರುವ ಮಣ್ಣಿಗೆ, ನೆಲ ಸಪಾಟಿದ್ದರೆ, ಆಕ್ಟಿವ್ ಗುಣಾಂಕ 0.33, ಪ್ಯಾಸಿವ್ ಗುಣಾಂಕ 3. ಗುಣಾಂಕ ಅಂದರೆ ಅಡ್ಡ ಒತ್ತಡ ಮೇಲಿನ ಮಣ್ಣಿನ ಭಾರದ ಎಷ್ಟು ಪಟ್ಟು ಎಂಬ ಲೆಕ್ಕ. ಒಂಬತ್ತು ಪಟ್ಟು ವ್ಯತ್ಯಾಸ. ಈ 3 ಎಂಬ ಅಂಕಿ ನೋಡಿಯೇ ಎಷ್ಟೋ ಜನ ಮೋಸ ಹೋಗುತ್ತಾರೆ. ಯಾಕೆಂದು ಮುಂದೆ ಹೇಳುತ್ತೇನೆ.

ಗೋಡೆ ಸರಿಯಬೇಕು ಅಂತೀರಿ. ಗೋಡೆ ಸರಿದರೆ ಹಾಳಾಯಿತಲ್ಲ?

ಆಕ್ಟಿವ್ ಸ್ಥಿತಿಗೆ ಬೇಕಾದ ಸರಿತ ತೀರಾ ಚಿಕ್ಕದು. ಚೆನ್ನಾಗಿ ದಮ್ಮಸ್ಸು ಮಾಡಿದ ಮರಳು ಮಣ್ಣಿನಲ್ಲಿ ಗೋಡೆಯ ಎತ್ತರದ ಸಾವಿರದಲ್ಲಿ ಒಂದೆರಡು ಪಾಲು ಸಾಕು. ಐದು ಮೀಟರ್ ಗೋಡೆಗೆ ತುದಿಯಲ್ಲಿ 5ರಿಂದ 10 ಮಿ.ಮೀ. ಕ್ಯಾಂಟಿಲಿವರ್ ಗೋಡೆ ಅಷ್ಟು ಬಾಗಿಯೇ ಬಾಗುತ್ತದೆ, ಕಣ್ಣಿಗೆ ಕಾಣುವುದೂ ಇಲ್ಲ.

ಪ್ಯಾಸಿವ್ ಪೂರ್ತಿ ಸಿಗಬೇಕಾದರೆ, ಪಾಲಿನ ಲೆಕ್ಕದಲ್ಲಿ, ಅದರ ಹತ್ತಾರು ಪಟ್ಟು ಬೇಕು. ಒತ್ತಿಸಿಕೊಳ್ಳುವ ಮಣ್ಣಿನ ಆಳದ ನೂರರಲ್ಲಿ ಒಂದರಿಂದ ನಾಲ್ಕು ಪಾಲು, ಸಡಿಲ ಮಣ್ಣಾದರೆ ಇನ್ನೂ ಜಾಸ್ತಿ. ಮುಂದಿನ ಮಣ್ಣು ಒಂದು ಮೀಟರ್ ಆಳ ಇದ್ದರೆ ಗೋಡೆ 10ರಿಂದ 40 ಮಿ.ಮೀ. ಮುಂದೆ ಜಾರಬೇಕು. ಅಷ್ಟು ಜಾರಿದ ಗೋಡೆಯನ್ನು ಯಾರೂ ಒಪ್ಪುವುದಿಲ್ಲ. ಅಂದರೆ ಹಿಂದಿನ ಮಣ್ಣು ತನ್ನ ಪೂರ್ತಿ ತಳ್ಳನ್ನು ಕೊಟ್ಟಾಗ ಮುಂದಿನ ಮಣ್ಣು ಇನ್ನೂ ಅರೆಬರೆ ಎಚ್ಚರವಾಗಿರುತ್ತದೆ.

ಒಂದು ಮಾತು. ಗೋಡೆ ಸರಿಯಲು ಆಗದ ಹಾಗೆ ಅದನ್ನು ಮನೆಯ ಸ್ಲ್ಯಾಬಿಗೆ ಜೋಡಿಸಿದ್ದರೆ ಆಕ್ಟಿವ್ ಲೆಕ್ಕ ನಡೆಯುವುದಿಲ್ಲ. ಆಗ ಮಣ್ಣು ಇದ್ದಲ್ಲೇ ಇದ್ದಾಗಿನ ಒತ್ತಡ ಹಿಡಿಯಬೇಕು. ಇದೇ ಮಣ್ಣಿಗೆ, ನೆಲ ಸಪಾಟಿದ್ದರೂ, ಆ ಗುಣಾಂಕ 0.33 ಅಲ್ಲ, 0.5.

ಹಿಂದಿನ ಮಣ್ಣು ಇಳಿಜಾರಾಗಿದ್ದರೆ ಒತ್ತಡ ಎಷ್ಟು ಜಾಸ್ತಿ ಆಗುತ್ತದೆ?

ರ್‍ಯಾಂಕಿನ್ 1857ರಲ್ಲಿ ಕೊಟ್ಟ ಸೂತ್ರ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. `β` ಅಂದರೆ ಹಿಂದಿನ ನೆಲದ ಇಳಿಜಾರಿನ ಕೋನ, `φ` ಅಂದರೆ ಮಣ್ಣಿನ ತಿಕ್ಕಾಟದ ಕೋನ.

```
Ka = cosβ × (cosβ − √(cos²β − cos²φ)) / (cosβ + √(cos²β − cos²φ))
```

`φ` 30 ಡಿಗ್ರಿ ಎಂದಿಟ್ಟುಕೊಂಡು `β` ಏರಿಸುತ್ತ ಹೋಗೋಣ. ಸಪಾಟಿದ್ದಾಗ `Ka` 0.333. ಇಳಿಜಾರು 15 ಡಿಗ್ರಿಯಾದರೆ 0.373. ಇಲ್ಲಿಯವರೆಗೆ ಪರವಾಗಿಲ್ಲ. 20 ಡಿಗ್ರಿಗೆ 0.414, 25ಕ್ಕೆ 0.494. ಎರಡು ಅಡಿ ಹೋದರೆ ಒಂದು ಅಡಿ ಏರುವ ಧರೆ ನಮ್ಮಲ್ಲಿ ಎಲ್ಲ ಕಡೆ ಕಾಣುತ್ತದೆ. ಅದು 26.6 ಡಿಗ್ರಿ, ಅಲ್ಲಿ 0.54. ಪೂರ್ತಿ 30 ಡಿಗ್ರಿಗೆ ಹೋದರೆ ಗುಣಾಂಕ 0.866ಕ್ಕೆ ಹಾರುತ್ತದೆ. ಅದರಾಚೆ ಸೂತ್ರದಲ್ಲಿ ವರ್ಗಮೂಲದ ಒಳಗಿನ ಸಂಖ್ಯೆ ಋಣವಾಗಿಬಿಡುತ್ತದೆ. ಅದಕ್ಕೆ ಅರ್ಥವೂ ಇದೆ: ಒಣ ಮರಳು ತನ್ನ ತಿಕ್ಕಾಟದ ಕೋನಕ್ಕಿಂತ ಕಡಿದಾಗಿ ನಿಲ್ಲುವುದೇ ಇಲ್ಲ.

ಈ ಏರಿಕೆ ಒಂದೇ ಸಮ ಅಲ್ಲ ಎನ್ನುವುದನ್ನು ನೆನಪಿಡಬೇಕು. ಮೊದಲ 15 ಡಿಗ್ರಿಗೆ ಬರೀ 0.04 ಏರಿತು. ಕೊನೆಯ 5 ಡಿಗ್ರಿಗೆ 0.37 ಏರಿತು. ಧರೆಯ ಕೋನವನ್ನು ಕಣ್ಣಂದಾಜಿನಲ್ಲಿ ಹೇಳಿ ಲೆಕ್ಕ ಹಾಕಿಸಬೇಡಿ. ಒಂದು ದಾರ, ಒಂದು ಮಟ್ಟದ ಪೈಪು, ಒಂದು ಟೇಪು ಇದ್ದರೆ ಹತ್ತು ನಿಮಿಷದಲ್ಲಿ ಅಳೆಯಬಹುದು.

ಗೋಡೆಯ ಎತ್ತರವನ್ನು ಎಲ್ಲಿಂದ ಎಲ್ಲಿಗೆ ಅಳೆಯಬೇಕು?

ಇಳಿಜಾರು ಮಣ್ಣಿನ ಗೋಡೆಯಲ್ಲಿ ನಾನು ನೋಡಿದ ಮಟ್ಟಿಗೆ ಅತಿ ಹೆಚ್ಚು ತಪ್ಪಾಗುವುದು ಇಲ್ಲೇ.

ನಿಂತ ಗೋಡೆ ಸ್ಟೆಮ್. ಕೆಳಗೆ ಮಲಗಿದ್ದು ಬೇಸ್ ಸ್ಲ್ಯಾಬ್. ಅದರ ಮುಂಚಾಚು ಟೋ, ಹಿಂದಕ್ಕೆ ಮಣ್ಣಿನಡಿ ಹೋದದ್ದು ಹೀಲ್. ಹೆಸರೇ ಹೇಳುವ ಹಾಗೆ ಕಾಲ್ಬೆರಳು ಮತ್ತು ಹಿಮ್ಮಡಿ. ಹೀಲ್ ಮೇಲೆ ಕೂತ ಮಣ್ಣು ಗೋಡೆಯ ಜೊತೆಯೇ ಇರುತ್ತದೆ, ಅದೂ ಗೋಡೆಯ ಒಂದು ಭಾಗ. ಹಾಗಾಗಿ ಹೊರಗಿನ ಮಣ್ಣು ತಳ್ಳುವುದು ಸ್ಟೆಮ್ಮಿನ ಬೆನ್ನಿಗಲ್ಲ. ಹೀಲ್‌ನ ಹಿಂದಿನ ಅಂಚಿನಿಂದ ನೆಟ್ಟಗೆ ಮೇಲಕ್ಕೆ ಒಂದು ಗೆರೆ ಎಳೆಯಿರಿ. ಆ ಗೆರೆ ಇಳಿಜಾರು ನೆಲವನ್ನು ಎಲ್ಲಿ ಮುಟ್ಟುತ್ತದೋ ಅಲ್ಲಿವರೆಗಿನ ಎತ್ತರ ಲೆಕ್ಕಕ್ಕೆ ಬರುತ್ತದೆ. ನೆಲ ಏರುತ್ತಿರುವುದರಿಂದ ಅದು ಗೋಡೆಯ ಎತ್ತರಕ್ಕಿಂತ ಜಾಸ್ತಿ.

```
H' = H + L × tanβ
Pa = ½ × Ka × γ × H'²
```

`H` ಬೇಸ್‌ನ ತಳದಿಂದ ಗೋಡೆಯ ತುದಿವರೆಗೆ, `L` ಹೀಲ್‌ನ ಉದ್ದ, `γ` ಒಂದು ಘನ ಮೀಟರ್ ಮಣ್ಣಿನ ತೂಕ. ಈ ಬಲ ನೆಲಕ್ಕೆ ಸಮಾನಾಂತರವಾಗಿ, ಅಂದರೆ ಇಳಿಜಾರಿನ ದಿಕ್ಕಿನಲ್ಲೇ ಕೆಳಗೆ ಓರೆಯಾಗಿ ತಳ್ಳುತ್ತದೆ. ತಳದಿಂದ `H'`ನ ಮೂರನೇ ಒಂದು ಪಾಲು ಎತ್ತರದಲ್ಲಿ.

ಎತ್ತರದ ವರ್ಗ ಬರುವುದರಿಂದ ಅರ್ಧ ಮೀಟರ್ ಬಿಟ್ಟರೂ ಪೆಟ್ಟು ಜೋರಾಗಿ ಬೀಳುತ್ತದೆ.

ಒಂದು ಗೋಡೆಯ ಲೆಕ್ಕ ಪೂರ್ತಿ ಮಾಡಿ ತೋರಿಸುತ್ತೀರಾ?

ಕಾರವಾರದ ಹತ್ತಿರ ಗುಡ್ಡದ ಬುಡದ ಒಂದು ಮನೆ ಜಾಗ ಎಂದುಕೊಳ್ಳಿ. ಗೋಡೆಯ ಒಟ್ಟು ಎತ್ತರ 4.5 ಮೀ. ಅದರಲ್ಲಿ ಬೇಸ್ 0.45 ಮೀ, ಸ್ಟೆಮ್ 4.05 ಮೀ. ಸ್ಟೆಮ್ ದಪ್ಪ 0.4 ಮೀ, ಟೋ 0.8 ಮೀ, ಹೀಲ್ 1.8 ಮೀ, ಬೇಸ್ ಒಟ್ಟು ಅಗಲ 3 ಮೀ. ಹಿಂದಿನ ಇಳಿಜಾರು 15 ಡಿಗ್ರಿ. ತುಂಬಿದ ಮಣ್ಣು ಜಲ್ಲಿ ಬೆರೆತ ಗಟ್ಟಿ ಮಣ್ಣು, `φ` 30 ಡಿಗ್ರಿ, ತೂಕ ಘನ ಮೀಟರಿಗೆ 18 ಕಿಲೋನ್ಯೂಟನ್. ಗೋಡೆಯ ಒಂದು ಮೀಟರ್ ಉದ್ದಕ್ಕೆ ಲೆಕ್ಕ ಹಾಕೋಣ. 10 ಕಿಲೋನ್ಯೂಟನ್ ಅಂದರೆ ಹೆಚ್ಚುಕಡಿಮೆ ಒಂದು ಟನ್ ಭಾರ ಎಂದು ಮನಸ್ಸಿನಲ್ಲಿಟ್ಟುಕೊಂಡರೆ ಅಂಕಿಗಳಿಗೆ ಜೀವ ಬರುತ್ತದೆ.

```
H' = 4.5 + 1.8 × tan15°        = 4.98
Pa = 0.5 × 0.373 × 18 × 4.98²  = 83.3
Ph = 83.3 × cos15°             = 80.4
Pv = 83.3 × sin15°             = 21.5
```

ಅಡ್ಡ ತಳ್ಳು 80.4, ಅಂದರೆ ಪ್ರತಿ ಮೀಟರ್ ಉದ್ದಕ್ಕೆ ಸುಮಾರು ಎಂಟು ಟನ್. ಅದು ತಳದಿಂದ 1.66 ಮೀ ಎತ್ತರದಲ್ಲಿ ತಳ್ಳುತ್ತದೆ. ಬಲವನ್ನು ಎತ್ತರದಿಂದ ಗುಣಿಸಿದರೆ ಗೋಡೆಯನ್ನು ಮಗುಚುವ ಮೊಮೆಂಟ್ ಸಿಗುತ್ತದೆ: 80.4 × 1.66, ಅಂದರೆ 133.5. ಇದೇ ಗೋಡೆಯ ಹಿಂದೆ ನೆಲ ಸಪಾಟಾಗಿದ್ದಿದ್ದರೆ ತಳ್ಳು 60.75, ಮೊಮೆಂಟ್ 91. ಬರೀ 15 ಡಿಗ್ರಿ ಇಳಿಜಾರಿಗೆ ಮಗುಚುವ ಶಕ್ತಿ ಸುಮಾರು 46 ಶೇಕಡಾ ಜಾಸ್ತಿಯಾಯಿತು. ಗುಣಾಂಕ ಏರಿದ್ದು 12 ಶೇಕಡಾ ಮಾತ್ರ. ಉಳಿದದ್ದೆಲ್ಲ ಆ ಅರ್ಧ ಮೀಟರ್ ಎತ್ತರದ ಕೆಲಸ.

ಈಗ ಗೋಡೆಯನ್ನು ಹಿಡಿದಿಡುವ ತೂಕಗಳು. ಸ್ಟೆಮ್ 40.5, ಬೇಸ್ 33.8, ಹೀಲ್ ಮೇಲಿನ ಆಯತದ ಮಣ್ಣು 131.2, ಅದರ ಮೇಲೆ ಇಳಿಜಾರಿನಿಂದಾದ ತ್ರಿಕೋನದ ಮಣ್ಣು 7.8, ಜೊತೆಗೆ ಒತ್ತಡದ ಕೆಳಮುಖ ಪಾಲು 21.5. ಒಟ್ಟು 234.8. ಟೋ ತುದಿಯ ಸುತ್ತ ಇವೆಲ್ಲದರ ಮೊಮೆಂಟ್ ಸುಮಾರು 450. ಮಗುಚುವುದರ ವಿರುದ್ಧ ಸುರಕ್ಷತೆ 450 ಭಾಗಿಸು 133.5, ಅಂದರೆ 3.4. ಬೇಕಾದ್ದು 2, ಹಾಗಾಗಿ ಧಾರಾಳ. ಒಟ್ಟು ಬಲ ಬೇಸ್‌ನ ನಡುವಿನಿಂದ 0.15 ಮೀ ಮಾತ್ರ ಮುಂದಕ್ಕೆ ಬೀಳುತ್ತದೆ. ಅರ್ಧ ಮೀಟರಿನ ಒಳಗೆ ಇರುವುದರಿಂದ ಹೀಲ್ ಮೇಲೇಳುವುದಿಲ್ಲ. ಟೋ ಕೆಳಗಿನ ನೆಲಕ್ಕೆ ಚದರ ಮೀಟರಿಗೆ ಸುಮಾರು 102 ಕಿಲೋನ್ಯೂಟನ್, ಗಟ್ಟಿ ನೆಲಕ್ಕೆ ಅದು ಭಾರವಲ್ಲ.

ಇನ್ನು ಜಾರುವಿಕೆ. ಬೇಸ್‌ಗೂ ನೆಲಕ್ಕೂ ತಿಕ್ಕಾಟದ ಗುಣಾಂಕ 0.45 ಹಿಡಿದರೆ ತಡೆ 0.45 × 234.8, ಅಂದರೆ 105.7. ತಳ್ಳು 80.4. ಸುರಕ್ಷತೆ 1.31. ಬೇಕಾದ್ದು 1.5. ಇಲ್ಲಿ ಗೋಡೆ ಸೋತಿತು.

ಇದು ಈ ಗೋಡೆಯೊಂದರ ಕಥೆಯಲ್ಲ. ಇಳಿಜಾರು ಹೊತ್ತ ಕ್ಯಾಂಟಿಲಿವರ್ ಗೋಡೆಯಲ್ಲಿ ಸಾಮಾನ್ಯವಾಗಿ ಮಗುಚುವುದಕ್ಕಿಂತ ಮೊದಲು ಜಾರುವ ಪರೀಕ್ಷೆಯೇ ಕೈಕೊಡುತ್ತದೆ.

ಗೋಡೆಯ ಮುಂದಿನ ಪ್ಯಾಸಿವ್ ಒತ್ತಡ ಸೇರಿಸಿದರೆ 1.5 ದಾಟುತ್ತದೆ. ಸೇರಿಸಬಹುದಾ?

ಲೆಕ್ಕದಲ್ಲಿ ದಾಟುತ್ತದೆ, ನಿಜ. ಬೇಸ್‌ನ ತಳ ಮುಂದಿನ ನೆಲದಿಂದ ಒಂದು ಮೀಟರ್ ಆಳದಲ್ಲಿದ್ದರೆ ಪ್ಯಾಸಿವ್ ಬಲ 0.5 × 3 × 18 × 1², ಅಂದರೆ 27. ಒಟ್ಟು ತಡೆ 132.7, ಸುರಕ್ಷತೆ 1.65. ಕಾಗದದ ಮೇಲೆ ಗೋಡೆ ಪಾಸು.

ಆದರೆ ಆ 27 ಪೂರ್ತಿ ಸಿಗಲು ಗೋಡೆ ಮೊದಲು ಇಂಚಿನ ಹತ್ತಿರ ಜಾರಬೇಕು ಎಂದು ಆಗಲೇ ಹೇಳಿದೆ. ಅದಕ್ಕೇ ಅರ್ಧ ಮಾತ್ರ ಎಣಿಸುವುದು ಒಳ್ಳೆಯ ರೂಢಿ. ಅರ್ಧ ಹಿಡಿದರೆ 13.5, ಸುರಕ್ಷತೆ 1.48. ಕೂದಲೆಳೆಯಲ್ಲಿ ಮತ್ತೆ ಫೇಲು.

ಅದಕ್ಕಿಂತ ದೊಡ್ಡ ಪ್ರಶ್ನೆ, ಆ ಮಣ್ಣು ಅಲ್ಲೇ ಇರುತ್ತದಾ? ಕುಮಟಾ ಹತ್ತಿರ ಒಂದು ಗೋಡೆ ನೋಡಲು ಕರೆದಿದ್ದರು. ಚೆನ್ನಾಗಿ ಕಟ್ಟಿದ ಗೋಡೆ, ಬಿರುಕಿಲ್ಲ. ತೂಕದ ಗುಂಡು ಇಳಿಬಿಟ್ಟು ನೋಡಿದೆ, ನೆಟ್ಟಗೇ ಇದೆ. ಆದರೆ ಪಕ್ಕದ ಪಾಗಾರಕ್ಕೂ ಇದಕ್ಕೂ ಕೂಡುವ ಜಾಗದಲ್ಲಿ ಬೆರಳು ಹೋಗುವಷ್ಟು ಸಂದು. ಪಾಗಾರ ಇದ್ದಲ್ಲೇ ಇತ್ತು, ಗೋಡೆ ಇಡಿಯಾಗಿ ಮುಂದೆ ಬಂದಿತ್ತು. ಬುಡದಲ್ಲಿ ಹೊಸ ಸಿಮೆಂಟ್ ಗಟಾರ. ಮಳೆಗೆ ಮುಂಚೆ ನೀರು ಹೋಗಲೆಂದು ಟೋ ಪಕ್ಕದಲ್ಲೇ ಎರಡು ಅಡಿ ಅಗೆದಿದ್ದರಂತೆ, ಗಟಾರ ಕಟ್ಟುವವರೆಗೆ ಮೂರು ವಾರ ಹಾಗೇ ಬಿಟ್ಟಿದ್ದರಂತೆ. ಅಷ್ಟರಲ್ಲಿ ಮಳೆ ಹಿಡಿದಿತ್ತು. ಅಗೆದವರ ತಪ್ಪು ಎನ್ನಲಾರೆ, ಆ ಎರಡು ಅಡಿ ಮಣ್ಣು ಗೋಡೆಯ ಲೆಕ್ಕದಲ್ಲಿದೆ ಎಂದು ಅವರಿಗೆ ಯಾರು ಹೇಳಿದ್ದರು?

ನಮ್ಮ ಲೆಕ್ಕದಲ್ಲಿ ಅರ್ಧ ಮೀಟರ್ ಅಗೆದರೆ ಏನಾಗುತ್ತದೆ ನೋಡಿ. ಆಳ ಒಂದರಿಂದ ಅರ್ಧ ಮೀಟರಿಗೆ ಇಳಿಯಿತು. ಇಲ್ಲೂ ವರ್ಗ ಇರುವುದರಿಂದ 27 ಇದ್ದದ್ದು 6.75 ಆಗುತ್ತದೆ. ಅರ್ಧ ಮಣ್ಣು ತೆಗೆದರೆ ಮುಕ್ಕಾಲು ಬಲ ಹೋಯಿತು. ಹಾಗಾಗಿ ನಾನು ಮುಂದಿನ ಮೇಲ್ಮಣ್ಣು ಅರ್ಧ ಮೀಟರನ್ನು ಇಲ್ಲವೆಂದೇ ತಿಳಿದು, ಉಳಿದದ್ದರಲ್ಲಿ ಅರ್ಧ ಮಾತ್ರ ಎಣಿಸುತ್ತೇನೆ.

ಹಾಗಾದರೆ ಜಾರದ ಹಾಗೆ ಮಾಡುವುದು ಹೇಗೆ? ಹೀಲ್ ಉದ್ದ ಮಾಡಿದರೆ ಸಾಕಾ?

ಸಹಾಯ ಆಗುತ್ತದೆ, ಆದರೆ ಸಪಾಟು ನೆಲದಲ್ಲಿ ಆಗುವಷ್ಟು ಅಲ್ಲ. ಹೀಲ್ ಉದ್ದವಾದರೆ ಅದರ ಮೇಲಿನ ಮಣ್ಣಿನ ತೂಕ ಏರುತ್ತದೆ, ತಿಕ್ಕಾಟ ಏರುತ್ತದೆ. ಜೊತೆಗೆ ಆ ಕಲ್ಪಿತ ಗೆರೆ ಇಳಿಜಾರಿನಲ್ಲಿ ಮೇಲಕ್ಕೆ ಹೋಗುತ್ತದೆ, ತಳ್ಳೂ ಏರುತ್ತದೆ. ಹೀಲನ್ನು 1.8ರಿಂದ 2.1 ಮೀ ಮಾಡಿದರೆ `H'` 5.06 ಆಗುತ್ತದೆ, ಅಡ್ಡ ತಳ್ಳು 80.4ರಿಂದ 83.1ಕ್ಕೆ, ತಿಕ್ಕಾಟದ ತಡೆ 105.7ರಿಂದ 118.6ಕ್ಕೆ. ಸುರಕ್ಷತೆ 1.43. ಇನ್ನೂ ಸಾಲದು. ಹೀಲ್ ಹಿಂದಕ್ಕೆ ಹೋದಷ್ಟೂ ಧರೆಯನ್ನು ಇನ್ನಷ್ಟು ಒಳಗೆ ಕಡಿಯಬೇಕು ಎನ್ನುವ ಕಷ್ಟ ಬೇರೆ.

ಇದಕ್ಕೆ ಶಿಯರ್ ಕೀ ಹಾಕಬೇಕು. ಬೇಸ್ ಅಡಿಯಲ್ಲಿ, ಗೋಡೆಯ ಉದ್ದಕ್ಕೂ, ನೆಲದೊಳಗೆ ಇಳಿದ ಒಂದು ಕಾಂಕ್ರೀಟ್ ಹಲ್ಲು. 0.6 ಮೀ ಆಳದ ಕೀ ಹಾಕಿದರೆ ಅದರ ತಳ ಮುಂದಿನ ನೆಲದಿಂದ 1.6 ಮೀ ಕೆಳಗೆ. ಮೇಲಿನ ಅರ್ಧ ಮೀಟರ್ ಯಾರೋ ಅಗೆದು ಒಯ್ದರೂ 1.1 ಮೀ ಉಳಿಯುತ್ತದೆ. ಪ್ಯಾಸಿವ್ 0.5 × 3 × 18 × 1.1², ಅಂದರೆ 32.7, ಅರ್ಧ ಎಣಿಸಿದರೆ 16.3. ಹೀಲ್ 2.1 ಮೀ ಮತ್ತು ಈ ಕೀ ಎರಡೂ ಸೇರಿದರೆ ಸುರಕ್ಷತೆ 1.6 ದಾಟುತ್ತದೆ. ನಾನಾದರೆ ಎರಡನ್ನೂ ಮಾಡುತ್ತೇನೆ.

ಕೀ ಗುಂಡಿಯನ್ನು ಕೈಯಲ್ಲಿ ಅಚ್ಚುಕಟ್ಟಾಗಿ ತೋಡಿಸಿ, ಪಕ್ಕದ ಮಣ್ಣಿಗೇ ತಾಗುವ ಹಾಗೆ ಕಾಂಕ್ರೀಟ್ ಸುರಿಯಬೇಕು. ಜೆಸಿಬಿಯಿಂದ ಅಗಲವಾಗಿ ಬಗೆದು, ಶೀಟು ಕಟ್ಟಿ, ಆಮೇಲೆ ಪಕ್ಕಕ್ಕೆ ಸಡಿಲ ಮಣ್ಣು ತುಂಬಿದರೆ ಆ ಕೀ ಇದ್ದೂ ಇಲ್ಲದ ಹಾಗೆ.

ಗೋಡೆಯ ಮುಂದೆಯೂ ನೆಲ ಇಳಿದುಕೊಂಡು ಹೋಗಿದೆ. ಆಗ?

ಪ್ಯಾಸಿವ್ ತುಂಬಾ ಬಿದ್ದುಹೋಗುತ್ತದೆ. ಮುಂದಿನ ನೆಲ 15 ಡಿಗ್ರಿ ಕೆಳಗಿಳಿದಿದ್ದರೆ, ಗೋಡೆಯ ತಿಕ್ಕಾಟ ಬಿಟ್ಟು ಕೂಲಂಬ್ ರೀತಿಯಲ್ಲಿ ಲೆಕ್ಕ ಹಾಕಿದರೆ, ಗುಣಾಂಕ 3ರಿಂದ ಸುಮಾರು 1.9ಕ್ಕೆ ಇಳಿಯುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಕಡಿದ ಜಾಗಗಳಲ್ಲಿ ಇದು ಸಾಮಾನ್ಯ: ಮೇಲಿನ ಅಂಗಳದ ಗೋಡೆಯ ಟೋ ಮುಂದೆ ನಾಲ್ಕು ಅಡಿ ಜಾಗ, ಆಮೇಲೆ ಕೆಳಗಿನ ತೋಟದ ಧರೆ. ಅಂಥ ಕಡೆ ನಾನು ಪ್ಯಾಸಿವ್ ಸೊನ್ನೆ ಎಂದೇ ಹಿಡಿಯುತ್ತೇನೆ.

ನಮ್ಮ ಮಳೆಯಲ್ಲಿ ಈ ಅಂಕಿಗಳು ನಿಲ್ಲುತ್ತವಾ?

ನೀರು ಹೊರಗೆ ಹೋಗುತ್ತಿದ್ದರೆ ನಿಲ್ಲುತ್ತವೆ. ಕಟ್ಟಿಕೊಂಡರೆ ಇಲ್ಲ.

ಗೋಡೆಯ ಹಿಂದೆ ಮೇಲಿನವರೆಗೂ ನೀರು ತುಂಬಿತು ಎಂದುಕೊಳ್ಳಿ. ನೀರಿನಲ್ಲಿ ಮುಳುಗಿದ ಮಣ್ಣಿನ ತೂಕ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಹಾಗಾಗಿ ಮಣ್ಣಿನ ಪಾಲು 80ರಿಂದ ಸುಮಾರು 45ಕ್ಕೆ ಬರುತ್ತದೆ. ಆದರೆ ನೀರು ತಾನೇ ತಳ್ಳುತ್ತದೆ, ಅದಕ್ಕೆ ತಿಕ್ಕಾಟವೂ ಇಲ್ಲ, ರಿಯಾಯಿತಿಯೂ ಇಲ್ಲ. 0.5 × 9.81 × 4.98², ಅಂದರೆ 121.6. ಒಟ್ಟು 167. ಒಣ ಲೆಕ್ಕದ ಎರಡು ಪಟ್ಟಿಗಿಂತ ಜಾಸ್ತಿ. ಅದೇ ಹೊತ್ತಿಗೆ ಬೇಸ್ ಅಡಿಯ ನೀರು ಗೋಡೆಯನ್ನು ಮೇಲಕ್ಕೆತ್ತಲು ನೋಡುತ್ತದೆ, ತಿಕ್ಕಾಟವೂ ಕುಸಿಯುತ್ತದೆ. ಕೀ, ಹೀಲ್ ಯಾವುದೂ ಆಗ ಉಳಿಸುವುದಿಲ್ಲ.

ಇಳಿಜಾರು ಧರೆಯಲ್ಲಿ ಮೇಲಿನ ಗುಡ್ಡದ ನೀರೆಲ್ಲ ಗೋಡೆಯ ಕಡೆಗೇ ಹರಿದು ಬರುತ್ತದೆ. ಅದಕ್ಕೆ ಗೋಡೆಗಿಂತ ಮೇಲೆ, ಧರೆಯ ನೆತ್ತಿಯಲ್ಲಿ ಅಡ್ಡ ಗಟಾರ ಬೇಕೇ ಬೇಕು. ಸಿಮೆಂಟಿನಲ್ಲಿ ಕಟ್ಟಿದ್ದಾಗಿರಬೇಕು. ಮಣ್ಣಿನ ಕಾಲುವೆ ಮಾಡಿದರೆ ನೀರು ಅಲ್ಲೇ ಇಂಗಿ ಗೋಡೆಯ ಬೆನ್ನಿಗೆ ಇಳಿಯುತ್ತದೆ. ಸ್ಟೆಮ್ಮಿನ ಹಿಂದೆ ಒಂದು ಅಡಿ ದಪ್ಪ ಜಲ್ಲಿ, ಮಣ್ಣಿಗೂ ಜಲ್ಲಿಗೂ ನಡುವೆ ಜಿಯೋಟೆಕ್ಸ್‌ಟೈಲ್ ಬಟ್ಟೆ, ಸುಮಾರು ಒಂದೂವರೆ ಮೀಟರಿಗೊಂದು ವೀಪ್ ಹೋಲ್, ಅಂದರೆ ನೀರು ಹೊರಬಿಡುವ ತೂತು, 75 ಅಥವಾ 100 ಮಿ.ಮೀ. ಪೈಪಿನದು, ಹೊರಕ್ಕೆ ಇಳಿಜಾರಾಗಿ. ಬಟ್ಟೆ ಬಿಟ್ಟರೆ ಎರಡನೇ ಮಳೆಗಾಲಕ್ಕೆ ಕೆಸರು ಜಲ್ಲಿಯನ್ನು ತುಂಬಿಬಿಡುತ್ತದೆ. ಜುಲೈ ತಿಂಗಳ ಜಡಿಮಳೆಯಲ್ಲಿ ಹೋಗಿ ನೋಡಿ. ವೀಪ್ ಹೋಲಿನಿಂದ ತಿಳಿ ನೀರು ಸುರಿಯುತ್ತಿದ್ದರೆ ಸಮಾಧಾನ. ಕೆಂಪು ನೀರು ಬರುತ್ತಿದ್ದರೆ ಮಣ್ಣು ತೊಳೆದು ಹೋಗುತ್ತಿದೆ. ಅಷ್ಟು ಮಳೆಗೂ ಒಣಗಿಯೇ ಇದ್ದರೆ ಅದೇ ಎಲ್ಲಕ್ಕಿಂತ ಹೆದರಿಕೆಯ ವಿಷಯ.

ನಮ್ಮ ಕಡೆ ಚಿರೆ ನೆಲ ಕಲ್ಲಿನ ಹಾಗೆ ಗಟ್ಟಿ. ನೆಟ್ಟಗೆ ಕಡಿದರೂ ನಿಲ್ಲುತ್ತದೆ. ಇಷ್ಟೆಲ್ಲ ಒತ್ತಡ ಎಲ್ಲಿಂದ ಬರುತ್ತದೆ?

ಬೇಸಿಗೆಯಲ್ಲಿ ನಿಲ್ಲುತ್ತದೆ, ನಿಜ. ಆ ಬಿಗಿತ ಚಿರೆಯ ಅಂಟಿನದು. ಆದರೆ ಗೋಡೆಯ ಹಿಂದೆ ಹೀಲ್ ಮೇಲೆ ನೀವು ತುಂಬುವುದು ಕಡಿಯದ ಚಿರೆಯನ್ನಲ್ಲ, ಕಡಿದು ಪುಡಿಯಾದ ಮಣ್ಣನ್ನು. ಅದರಲ್ಲಿ ಆ ಅಂಟು ಇರುವುದಿಲ್ಲ. ಹಾಗಾಗಿ ಅಂಟನ್ನು ಲೆಕ್ಕಕ್ಕೆ ಸೇರಿಸಬಾರದು, ಮೇಲಿನ ಸೂತ್ರದಲ್ಲಿ ಅದಕ್ಕೆ ಜಾಗವೂ ಇಲ್ಲ.

ಇನ್ನೊಂದು, ಚಿರೆಯ ಪದರದ ಅಡಿಯಲ್ಲಿ ಎಷ್ಟೋ ಕಡೆ ಶೇಡಿ ಮಣ್ಣು ಸಿಗುತ್ತದೆ. ಬಿಳಿ, ಗುಲಾಬಿ, ಹಳದಿ ಬಣ್ಣದ ನುಣುಪು ಮಣ್ಣು. ಒಣಗಿದ್ದಾಗ ಗುದ್ದಲಿಗೂ ಬಗ್ಗುವುದಿಲ್ಲ, ನೆನೆದರೆ ಬೆಣ್ಣೆ. ಕಡಿಯುವಾಗ ಇದು ಕಂಡರೆ ಹಿಂದೆ ತುಂಬಲು ಬಳಸಬೇಡಿ. ಬೇಸ್ ಅದರ ಮೇಲೆ ಕೂರುವ ಹಾಗಿದ್ದರೆ 0.45 ಎಂಬ ತಿಕ್ಕಾಟವನ್ನು ಮರೆತು, ಮಣ್ಣು ಪರೀಕ್ಷೆ ಮಾಡಿಸಿ ಲೆಕ್ಕ ಹೊಸದಾಗಿ ಹಾಕಿಸಿ.

ಸ್ಟೆಮ್ಮಿಗೆ ಕಬ್ಬಿಣ ಯಾವ ಮುಖಕ್ಕೆ ಹಾಕಬೇಕು?

ಮಣ್ಣಿನ ಕಡೆಯ ಮುಖಕ್ಕೆ. ಗೋಡೆ ಮುಂದೆ ಬಾಗಿದಾಗ ಎಳೆತ ಬರುವುದು ಬೆನ್ನಿಗೆ. ಹೀಲ್‌ನಲ್ಲಿ ಮೇಲ್ಭಾಗಕ್ಕೆ, ಟೋನಲ್ಲಿ ತಳಭಾಗಕ್ಕೆ. ಕಾಣುವ ಮುಖಕ್ಕೆ ದಪ್ಪ ಸರಳು, ಹಿಂದೆ ತೆಳು ಸರಳು ಕಟ್ಟಿದ್ದನ್ನು ಕಾಂಕ್ರೀಟಿನ ಹಿಂದಿನ ಸಂಜೆ ನೋಡಿ ಬಿಚ್ಚಿಸಿದ್ದುಂಟು.

ಸ್ಟೆಮ್ಮಿನ ಬುಡದ ಮೊಮೆಂಟಿಗೆ 4.98 ಮೀ ಹಿಡಿಯಬಾರದು. ಅಲ್ಲಿ ಮಣ್ಣಿನ ಎತ್ತರ 4.05 ಮೀ ಮಾತ್ರ. ಲೆಕ್ಕ 71.8 ಕಿಲೋನ್ಯೂಟನ್ ಮೀಟರ್ ಬರುತ್ತದೆ, ಒಂದೂವರೆಯಿಂದ ಗುಣಿಸಿದರೆ 108. 0.4 ಮೀ ದಪ್ಪಕ್ಕೆ 12 ಮಿ.ಮೀ. ಸರಳು 125 ಮಿ.ಮೀ.ಗೊಂದು ಸಾಕು. ಸಮುದ್ರದ ಗಾಳಿ ತಾಗುವ ಕಡೆ ಕವರ್, ಅಂದರೆ ಸರಳನ್ನು ಮುಚ್ಚುವ ಕಾಂಕ್ರೀಟ್ ಪದರ, 50 ಮಿ.ಮೀ.ಗಿಂತ ಕಡಿಮೆ ಬೇಡ.

ಇಂಥ ಗೋಡೆ ಕಟ್ಟಿದರೆ ಗುಡ್ಡ ಕುಸಿಯುವುದು ನಿಲ್ಲುತ್ತದಾ?

ಇಲ್ಲ. ಇಷ್ಟು ಹೊತ್ತು ಹೇಳಿದ್ದು ಗೋಡೆಯ ಬೆನ್ನಿನ ಒಂದು ಬೆಣೆಯಷ್ಟು ಮಣ್ಣಿನ ತಳ್ಳು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಕುಸಿದು ಮಣ್ಣು ಗಂಗಾವಳಿ ನದಿಗೇ ಇಳಿಯಿತು. ಅಂಥ ಜಾರುವಿಕೆ ಗೋಡೆಯ ಬೇಸ್‌ಗಿಂತ ಆಳದಲ್ಲಿ ನಡೆದು ಗೋಡೆಯನ್ನೂ ಹೊತ್ತುಕೊಂಡೇ ಹೋಗಬಹುದು. ಧರೆ ಎತ್ತರ ಇದ್ದರೆ ಇಡೀ ಇಳಿಜಾರಿನ ಸ್ಥಿರತೆಯ ಲೆಕ್ಕವನ್ನು ಬೇರೆಯಾಗಿ, ಜಿಯೋಟೆಕ್ನಿಕಲ್ ಎಂಜಿನಿಯರ್ ಹತ್ತಿರ ಮಾಡಿಸಬೇಕು.

ಈಗಾಗಲೇ ಕಟ್ಟಿದ ಗೋಡೆ ಸರಿಯುತ್ತಿದೆಯಾ ಎಂದು ನಾವೇ ತಿಳಿಯುವುದು ಹೇಗೆ?

ಮೂರು ಕಡೆ ನೋಡಿ. ಗೋಡೆಯ ಹಿಂದೆ, ಇಳಿಜಾರಿನ ಮೇಲೆ, ಗೋಡೆಗೆ ಸಮಾನಾಂತರವಾಗಿ ಉದ್ದ ಬಿರುಕು ಬಿದ್ದಿದೆಯಾ? ಅಲ್ಲಿಂದ ಈಚಿನ ಮಣ್ಣಿನ ಬೆಣೆ ಗೋಡೆಯ ಜೊತೆ ಹೊರಟಿದೆ ಎಂದರ್ಥ. ಬಿರುಕಿನೊಳಗೆ ಮಳೆ ನೀರು ಹೋಗದ ಹಾಗೆ ಜೇಡಿಮಣ್ಣಿನಿಂದ ಮುಚ್ಚಿ, ಮೇಲೆ ಪ್ಲಾಸ್ಟಿಕ್ ಹೊದಿಸಿ.

ಆಮೇಲೆ ಗುಂಡು ಇಳಿಬಿಟ್ಟು ನೋಡಿ. ತುದಿ ಮುಂದೆ ಬಂದಿದ್ದರೆ ವಾಲುತ್ತಿದೆ. ನೆಟ್ಟಗಿದ್ದೂ ಪಕ್ಕದ ಗೋಡೆಯಿಂದ ಬಿಟ್ಟುಕೊಂಡಿದ್ದರೆ ಜಾರುತ್ತಿದೆ. ಒಂದು ಸಲದ ಅಳತೆಯಿಂದ ಏನೂ ತಿಳಿಯುವುದಿಲ್ಲ. ಬಿರುಕಿನ ಎರಡೂ ಕಡೆ ಮೊಳೆ ಹೊಡೆದು, ನಡುವಿನ ದೂರವನ್ನು ತಾರೀಖು ಸಮೇತ ಗೋಡೆಯ ಮೇಲೇ ಬರೆದಿಡಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಅಳೆಯಿರಿ.

ಕೊನೆಗೆ ಟೋ ಮುಂದಿನ ನೆಲ. ಅಲ್ಲಿ ಮಣ್ಣು ಉಬ್ಬಿ, ಅಂಗಳದ ಹಾಸುಗಲ್ಲು ಎದ್ದಿದ್ದರೆ ಪ್ಯಾಸಿವ್ ಬೆಣೆ ಮೇಲಕ್ಕೆ ತಳ್ಳಿಸಿಕೊಳ್ಳುತ್ತಿದೆ. ಅಂದರೆ ತಿಕ್ಕಾಟ ಸೋತು, ಗೋಡೆ ಈಗ ಮುಂದಿನ ಮಣ್ಣಿನ ಮೇಲೆ ನಿಂತಿದೆ. ಆ ಉಬ್ಬನ್ನು ಕೆತ್ತಿ ಸಪಾಟು ಮಾಡಲು ಹೋಗಬೇಡಿ. ಅದರ ಮೇಲೆ ಕಲ್ಲು, ಮಣ್ಣಿನ ಚೀಲ ಹೇರಿ, ಗೋಡೆಯ ಹಿಂದೆ ಮುಂದೆ ಮಲಗುವವರನ್ನು ಬೇರೆ ಕಡೆ ಕಳಿಸಿ, ಅದೇ ದಿನ ಎಂಜಿನಿಯರನ್ನು ಕರೆಸಿ.